ಹನ್ನೆರಡು ಗೂಟಗಳ ಲೆಕ್ಕ

ಇಳಿಜಾರಿನ ನಿವೇಶನಕ್ಕೆ ಜೆಸಿಬಿ ಬಂದು ನಿಂತಾಗ ಅದರ ಚಾಲಕ ಕೇಳುವ ಮೊದಲ ಪ್ರಶ್ನೆ, "ಎಲ್ಲೀವರೆಗೆ ಕಡೀಲಿ ಸಾರ್?" ಎಂಬುದು. ಜಾಗದ ಯಜಮಾನರು ಮೇಲಿನ ಅಂಚಿನತ್ತ ಒಮ್ಮೆ, ಕೆಳಗಿನ ಬೇಲಿಯತ್ತ ಒಮ್ಮೆ ಕೈ ತೋರಿಸಿ "ಅಲ್ಲಿ ತೆಗೆದು ಇಲ್ಲಿ ಹಾಕಿ, ಒಟ್ಟು ಸಮ ಆಗಬೇಕು" ಅನ್ನುತ್ತಾರೆ. ಯಂತ್ರಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ. ಮಧ್ಯಾಹ್ನದ ಹೊತ್ತಿಗೆ ಮೇಲ್ಭಾಗ ಬೇಕಾದ್ದಕ್ಕಿಂತ ಆಳವಾಗಿರುತ್ತದೆ, ಇಲ್ಲವೇ ಕೆಳಭಾಗಕ್ಕೆ ಮಣ್ಣು ಸಾಲದೆ ಹೋಗಿರುತ್ತದೆ. ಆಮೇಲೆ ಶುರುವಾಗುವುದು ಟಿಪ್ಪರುಗಳ ಓಡಾಟ.

ಆ ಚಾಲಕನ ಪ್ರಶ್ನೆಗೆ ಸರಿಯಾದ ಉತ್ತರ ಒಂದು ಅಂಕಿ. ಮಣ್ಣೆಲ್ಲ ಮಟ್ಟಸವಾದ ಮೇಲೆ ಅಂಗಳ ಯಾವ ಎತ್ತರದಲ್ಲಿ ನಿಲ್ಲಬೇಕು ಅನ್ನುವ ಈ ಅಂಕಿಯನ್ನು ಸೈಟ್ ಎಂಜಿನಿಯರುಗಳು 'ಫಾರ್ಮೇಶನ್ ಲೆವೆಲ್' ಅನ್ನುತ್ತಾರೆ. ಅದನ್ನು ಕಂಡುಕೊಳ್ಳಲು ಬೇಕಾದದ್ದು ಅರ್ಧ ದಿನದ ಕೆಲಸ, ಮುಕ್ಕಾಲಿಯ ಮೇಲೆ ಕೂರುವ ಒಂದು ಆಟೊ ಲೆವೆಲ್, ನಾಲ್ಕು ಮೀಟರಿನ ಒಂದು ಅಳತೆಕೋಲು, ಒಂದಿಷ್ಟು ಗೂಟ ಮತ್ತು ಸುಣ್ಣದ ಪುಡಿ. ಅಳತೆಕೋಲನ್ನು ಕೆಲಸದವರು 'ಸ್ಟಾಫ್' ಎಂದೇ ಕರೆಯುವುದು.

ಕಣ್ಣಂದಾಜು ಇಲ್ಲಿ ಕೈಕೊಡುತ್ತದೆ. ಇಪ್ಪತ್ತು ಮೀಟರಿನಲ್ಲಿ ಎರಡೂವರೆ ಮೀಟರ್ ಇಳಿಯುವ ಜಾಗ ಮೇಲಿನಿಂದ ನೋಡುವವರಿಗೆ ಸಾಧಾರಣ ಇಳುಕಲಿನಂತೆ ಕಾಣುತ್ತದೆ, ಕೆಳಗಿನಿಂದ ನೋಡುವವರಿಗೆ ಗುಡ್ಡದಂತೆ ಕಾಣುತ್ತದೆ. ಹುಲ್ಲು, ಪೊದೆ, ಹಳೆಯ ಅಗರುಗಳು ಸೇರಿಕೊಂಡರೆ ಇನ್ನೂ ಗೊಂದಲ. ಆದ್ದರಿಂದ ಒಂದು ಜಾಗವನ್ನು ಹಿಡಿದು ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಮಾಡಿ ನೋಡುವುದೇ ಸರಿ. ಮಲೆನಾಡಿನ ಯಾವುದೇ ಊರಿನ ಅಂಚಿನಲ್ಲಿ ಸಿಗಬಹುದಾದ ನಿವೇಶನವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ರಸ್ತೆಯ ಉದ್ದಕ್ಕೆ 30 ಮೀಟರ್, ರಸ್ತೆಯಿಂದ ಕೆಳಕ್ಕೆ 20 ಮೀಟರ್. ಒಟ್ಟು 600 ಚದರ ಮೀಟರ್, ಸುಮಾರು ಹದಿನೈದು ಸೆಂಟ್ಸ್.

ಮೊದಲ ಕೆಲಸ ಜಾಗವನ್ನು ಚೌಕಗಳಾಗಿ ಮಾಡುವುದು. ರಸ್ತೆಯ ಅಂಚಿಗೆ ಸಮಾನಾಂತರವಾಗಿ ದಾರ ಕಟ್ಟಿ, 3-4-5ರ ತ್ರಿಕೋನದಿಂದ ಮೂಲೆಮಟ್ಟ ತೆಗೆದು, ಹತ್ತು ಹತ್ತು ಮೀಟರಿಗೆ ಗೂಟ ಹೊಡೆಯುತ್ತಾರೆ. ಟೇಪನ್ನು ನೆಲದ ಇಳಿಜಾರಿನ ಮೇಲೆ ಮಲಗಿಸದೆ ಅಡ್ಡಮಟ್ಟಕ್ಕೆ ಎತ್ತಿ ಹಿಡಿಯಬೇಕು. ಈ ಜಾಗದಲ್ಲಿ ಅದರಿಂದ ಬರುವ ವ್ಯತ್ಯಾಸ ಹತ್ತು ಮೀಟರಿಗೆ ಏಳು ಸೆಂಟಿಮೀಟರ್ ಅಷ್ಟೇ. ಆದರೆ ಕಡಿದಾದ ಧರೆಗಳಲ್ಲಿ ಇದೇ ತಪ್ಪು ಒಂದು ಮೊಳದವರೆಗೂ ಹೋಗುತ್ತದೆ. ಹೀಗೆ ಮೂರು ಸಾಲು, ಸಾಲಿಗೆ ನಾಲ್ಕು, ಒಟ್ಟು ಹನ್ನೆರಡು ಗೂಟ, ಆರು ಚೌಕ. ರಸ್ತೆ ಬದಿಯ ಸಾಲಿಗೆ ಎ, ನಡುವಿನದಕ್ಕೆ ಬಿ, ಕೆಳಗಿನದಕ್ಕೆ ಸಿ ಎಂದು ಹೆಸರು.

ಎತ್ತರ ಅಳೆಯಲು ಒಂದು ಅಲುಗಾಡದ ಗುರುತು ಬೇಕು. ಅದೇ ಬೆಂಚ್‌ಮಾರ್ಕ್. ದೇಶದ ಅಧಿಕೃತ ಎತ್ತರಗಳು ಸಮುದ್ರಮಟ್ಟದಿಂದ ಬರುತ್ತವೆ. ಸರ್ವೆ ಆಫ್ ಇಂಡಿಯಾ 1909ರಲ್ಲಿ ಹೊಂದಿಸಿದ ಲೆವೆಲಿಂಗ್ ಜಾಲಕ್ಕೆ ಆಧಾರವಾದ ಒಂಬತ್ತು ಬಂದರುಗಳಲ್ಲಿ ನಮ್ಮ ಕಾರವಾರವೂ ಒಂದು. ಮನೆಯ ಜಾಗಕ್ಕೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ರಸ್ತೆಬದಿಯ ಮೋರಿಯ ಕಟ್ಟೆಯ ಮೇಲೆ ಕೆಂಪು ಬಣ್ಣದ ಗುರುತು ಹಾಕಿ, ಅದರ ಎತ್ತರ 100.000 ಮೀಟರ್ ಎಂದು ಇಟ್ಟುಕೊಂಡರೆ ಸಾಕು. ಸೊನ್ನೆ ಎಂದು ಇಟ್ಟುಕೊಂಡರೆ ಕೆಳಗಿನ ಮಟ್ಟಗಳೆಲ್ಲ ಋಣಸಂಖ್ಯೆಗಳಾಗಿ ತಲೆನೋವು, ಅದಕ್ಕೇ ನೂರು. ಗುರುತನ್ನು ಮರದ ಬೇರಿಗೋ ಸೈಟಿನೊಳಗಿನ ಗೂಟಕ್ಕೋ ಹಾಕುವವರಿದ್ದಾರೆ. ಜೆಸಿಬಿಯ ಒಂದು ಹೊರಳಿಗೆ ಅದು ಮಾಯವಾದರೆ ಪುಸ್ತಕದಲ್ಲಿ ಬರೆದಿಟ್ಟ ಅಂಕಿಗಳಿಗೆ ನೆಲದೊಂದಿಗೆ ಇದ್ದ ನಂಟು ಹರಿದುಹೋಗುತ್ತದೆ.

ಈಗ ಉಪಕರಣ. ಆಟೊ ಲೆವೆಲ್ ಮಾಡುವ ಕೆಲಸ ಒಂದೇ: ಅದರ ದುರ್ಬೀನಿನ ಅಡ್ಡಗೆರೆ ಯಾವ ದಿಕ್ಕಿಗೆ ತಿರುಗಿಸಿದರೂ ಒಂದೇ ಎತ್ತರದಲ್ಲಿ ಇರುತ್ತದೆ. ಮೋರಿಯ ಗುರುತಿನ ಮೇಲೆ ಸ್ಟಾಫ್ ನಿಲ್ಲಿಸಿ ನೋಡಿದಾಗ 1.250 ಎಂದು ಬಂತು ಎನ್ನಿ. ಅಂದರೆ ಅಡ್ಡಗೆರೆ ಗುರುತಿಗಿಂತ ಒಂದೂಕಾಲು ಮೀಟರ್ ಮೇಲಿದೆ, ಅದರ ಎತ್ತರ 101.250. ಇನ್ನು ಯಾವ ಗೂಟದ ಬಳಿ ಸ್ಟಾಫ್ ಇಟ್ಟರೂ ಓದಿದ ಅಂಕಿಯನ್ನು 101.250ರಿಂದ ಕಳೆದರೆ ಆ ಜಾಗದ ನೆಲದ ಮಟ್ಟ ಸಿಕ್ಕಿತು. ಎ ಸಾಲಿನ ಮೊದಲ ಗೂಟದಲ್ಲಿ 0.650 ಬಂದರೆ ನೆಲ 100.60. ಸಿ ಸಾಲಿನ ಕೊನೆಯದರಲ್ಲಿ 3.750 ಬಂದರೆ 97.50. ಹೊಸಬರು ಎಡವುವುದು ಇಲ್ಲೇ: ಸ್ಟಾಫಿನ ಅಂಕಿ ದೊಡ್ಡದಾದಷ್ಟೂ ನೆಲ ತಗ್ಗು.

ಸ್ಟಾಫ್ ಹಿಡಿಯುವ ಹುಡುಗನ ಮೇಲೂ ಬಹಳ ನಿಂತಿದೆ. ಕೋಲು ಹಿಂದಕ್ಕೋ ಮುಂದಕ್ಕೋ ವಾಲಿದರೆ ಅಂಕಿ ನಿಜಕ್ಕಿಂತ ಹೆಚ್ಚು ಬರುತ್ತದೆ, ಎಂದೂ ಕಡಿಮೆ ಬರುವುದಿಲ್ಲ. ಅದಕ್ಕೇ ಅನುಭವಿಗಳು ಕೋಲನ್ನು ನಿಧಾನವಾಗಿ ಹಿಂದೆ ಮುಂದೆ ತೂಗಲು ಹೇಳಿ, ಕಂಡ ಅಂಕಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಬರೆದುಕೊಳ್ಳುತ್ತಾರೆ. ಹನ್ನೆರಡೂ ಮುಗಿದ ಮೇಲೆ ಮತ್ತೆ ಮೋರಿಯ ಗುರುತಿಗೆ ಹೋಗಿ ನೋಡಬೇಕು. ಅಲ್ಲಿ ಪುನಃ 1.250 ಬಂದರೆ ಉಪಕರಣ ನಡುವೆ ಕದಲಿಲ್ಲ ಎಂದು ಅರ್ಥ. ಇಲ್ಲವಾದರೆ ಅಷ್ಟನ್ನೂ ಮತ್ತೆ ಓದಬೇಕು. ಬೇಸರದ ಕೆಲಸವೇ, ಆದರೆ 600 ಚದರ ಮೀಟರಿನ ಮೇಲೆ ಒಂದೇ ಒಂದು ಸೆಂಟಿಮೀಟರಿನ ಒಟ್ಟಾರೆ ತಪ್ಪು ಅಂದರೆ ಆರು ಘನ ಮೀಟರ್ ಮಣ್ಣು.

ನಮ್ಮ ಜಾಗದ ಮಟ್ಟಗಳು ಹೀಗೆ ಬಂದವು ಎಂದುಕೊಳ್ಳೋಣ:

ಎ ಸಾಲು: 100.60, 100.40, 100.10, 99.90
ಬಿ ಸಾಲು: 99.50, 99.60, 99.10, 98.70
ಸಿ ಸಾಲು: 98.20, 98.00, 97.60, 97.50

ಕಡಿದ ಮಣ್ಣು ತುಂಬುವ ಜಾಗಕ್ಕೆ ಸರಿಹೋಗಬೇಕು, ಹೊರಗಿನಿಂದ ತರಲೂಬಾರದು, ಹೊರಗೆ ಸಾಗಿಸಲೂಬಾರದು ಎಂದರೆ ಅಂಗಳವನ್ನು ಈ ನೆಲದ ಸರಾಸರಿ ಮಟ್ಟದಲ್ಲಿ ನಿಲ್ಲಿಸಬೇಕು. ಹನ್ನೆರಡನ್ನೂ ಕೂಡಿ ಹನ್ನೆರಡರಿಂದ ಭಾಗಿಸಿದರೆ 99.10 ಬರುತ್ತದೆ. ಮುಗಿಯಿತು ಎನ್ನುವಂತಿಲ್ಲ, ಏಕೆಂದರೆ ಎಲ್ಲ ಗೂಟಗಳ ತೂಕ ಒಂದೇ ಅಲ್ಲ. ನಾಲ್ಕು ಮೂಲೆಯ ಗೂಟಗಳು ತಲಾ ಒಂದೊಂದು ಚೌಕಕ್ಕೆ ಮಾತ್ರ ಸೇರಿದವು. ಅಂಚಿನ ಆರು ಗೂಟಗಳು ಎರಡೆರಡು ಚೌಕಗಳ ನಡುವೆ ಹಂಚಿಹೋಗಿವೆ. ಒಳಗಿನ ಎರಡು ಗೂಟಗಳಿಗೆ ನಾಲ್ಕು ನಾಲ್ಕು ಚೌಕ. ಹಾಗಾಗಿ ಮೂಲೆಯ ಮಟ್ಟಗಳನ್ನು ಒಂದರಿಂದ, ಅಂಚಿನವನ್ನು ಎರಡರಿಂದ, ಒಳಗಿನವನ್ನು ನಾಲ್ಕರಿಂದ ಗುಣಿಸಿ ಕೂಡಿ, ಒಟ್ಟನ್ನು 24ರಿಂದ ಭಾಗಿಸುತ್ತಾರೆ. ಮೂಲೆಗಳದ್ದು 396.20, ಅಂಚಿನದ್ದು 1,188.60, ಒಳಗಿನದ್ದು 794.80, ಕೂಡಿದರೆ 2,379.60. ಭಾಗಿಸಿದರೆ 99.15.

ಐದು ಸೆಂಟಿಮೀಟರ್ ವ್ಯತ್ಯಾಸ. ಬೆರಳುದ್ದದ್ದಲ್ಲವೇ ಎನ್ನಿಸಬಹುದು. ಆದರೆ ಅದು ಜಾಗದಗಲಕ್ಕೂ ಹರಡಿದಾಗ 30 ಘನ ಮೀಟರ್, ಅಂದರೆ ಆರೇಳು ಟಿಪ್ಪರ್ ಮಣ್ಣು. ಒಳಗಿನ ಗೂಟಗಳಲ್ಲಿ ನೆಲ ಉಬ್ಬಿದ್ದರೆ ಸಾದಾ ಸರಾಸರಿ ಆ ಉಬ್ಬನ್ನು ನುಂಗಿಬಿಡುತ್ತದೆ.

ಈಗ ಪ್ರತಿ ಗೂಟದ ಮಟ್ಟದಿಂದ 99.15 ಕಳೆಯಬೇಕು. ಹೆಚ್ಚು ಬಂದರೆ ಅಷ್ಟು ಕಡಿಯಬೇಕು, ಕಡಿಮೆ ಬಂದರೆ ಅಷ್ಟು ತುಂಬಬೇಕು. ಎ ಸಾಲಿನ ಮೊದಲ ಗೂಟದಲ್ಲಿ 1.45 ಮೀಟರ್ ಕಡಿತ, ಸಿ ಸಾಲಿನ ಕೊನೆಯದರಲ್ಲಿ 1.65 ಮೀಟರ್ ಭರ್ತಿ. ಸೈಟಿನಲ್ಲಿ ಈ ಅಂಕಿಗಳನ್ನು ಗೂಟದ ಮೇಲೇ ಬಣ್ಣದಲ್ಲಿ ಬರೆದಿಡುವುದು ರೂಢಿ. ಒಂದು ಚೌಕದ ಪ್ರಮಾಣ ತಿಳಿಯಲು ಅದರ ನಾಲ್ಕು ಮೂಲೆಗಳ ಸರಾಸರಿ ತೆಗೆದು ಚೌಕದ ವಿಸ್ತೀರ್ಣವಾದ 100 ಚದರ ಮೀಟರಿನಿಂದ ಗುಣಿಸಿದರಾಯಿತು. ಎಡಮೇಲಿನ ಚೌಕದ ಮೂಲೆಗಳು 1.45, 1.25, 0.35, 0.45, ಸರಾಸರಿ 0.875, ಹಾಗಾಗಿ ಎಂಬತ್ತೇಳೂವರೆ ಘನ ಮೀಟರ್ ಕಡಿತ. ಹೀಗೆ ಆರೂ ಚೌಕಗಳನ್ನು ಮುಗಿಸಿ, ಒಂದೇ ಚೌಕದೊಳಗೆ ಕಡಿತ-ಭರ್ತಿ ಎರಡೂ ಇರುವ ಕಡೆ ಅವುಗಳನ್ನು ಬೇರ್ಪಡಿಸಿ ಕೂಡಿದರೆ ಕಡಿಯುವುದು 192 ಘನ ಮೀಟರ್, ತುಂಬುವುದೂ 192. ಕಾಗದದ ಮೇಲೆ ಲೆಕ್ಕ ತಾಳೆಯಾಯಿತು.

ಕಡಿತವೂ ಇಲ್ಲದ ಭರ್ತಿಯೂ ಇಲ್ಲದ ಜಾಗಗಳನ್ನು ಸೇರಿಸುತ್ತ ಸುಣ್ಣದ ಪುಡಿಯಲ್ಲಿ ಒಂದು ಗೆರೆ ಎಳೆದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬಿ ಸಾಲಿನ ಎರಡನೇ ಗೂಟದಲ್ಲಿ 0.45 ಕಡಿತ, ಅದರ ಕೆಳಗಿನ ಸಿ ಗೂಟದಲ್ಲಿ 1.15 ಭರ್ತಿ. ಹತ್ತು ಮೀಟರ್ ಅಂತರವನ್ನು ಇದೇ ಪ್ರಮಾಣದಲ್ಲಿ ಹಂಚಿದರೆ ಬಿ ಗೂಟದಿಂದ 2.8 ಮೀಟರ್ ಕೆಳಗೆ ಸೊನ್ನೆ ಬರುತ್ತದೆ. ಇನ್ನೊಂದು ಬದಿಯಲ್ಲಿ, ಎ ಸಾಲಿನ ಕೊನೆಯ ಗೂಟದಿಂದ ಆರೂಕಾಲು ಮೀಟರ್ ಕೆಳಗೆ. ಅಂದರೆ ಗೆರೆ ಜಾಗದ ನಟ್ಟನಡುವೆ, ನಾಳೆ ಮನೆ ಏಳುವ ಜಾಗದ ಅಡಿಯಲ್ಲೇ ಹಾದುಹೋಗುತ್ತದೆ. ಅರ್ಧ ಮನೆ ಮೂಲನೆಲದ ಮೇಲೆ, ಅರ್ಧ ಮನೆ ಹೊಸ ಮಣ್ಣಿನ ಮೇಲೆ. ಗೋಡೆಯಲ್ಲಿ ಓರೆಯಾಗಿ ಬಿರುಕು ಬಿಟ್ಟ ಎಷ್ಟೋ ಮನೆಗಳ ಕತೆ ಈ ಗೆರೆಯಿಂದ ಶುರುವಾಗುತ್ತದೆ. ಪಾಯವನ್ನು ತುಂಬಿದ ಮಣ್ಣಿನ ಮೇಲೆ ಕೂರಿಸದೆ ಅದರ ತಳದಲ್ಲಿರುವ ಗಟ್ಟಿನೆಲದವರೆಗೆ ಇಳಿಸಿದರೆ ಮಾತ್ರ ಇದು ತಪ್ಪುತ್ತದೆ. ಗೆರೆ ಎಲ್ಲಿದೆ ಎಂದು ಗೊತ್ತಿದ್ದರೆ ಯಾವ ಕಾಲಂ ಎಷ್ಟು ಆಳ ಹೋಗಬೇಕೆಂಬುದನ್ನು ಮೊದಲೇ ಹೇಳಬಹುದು.

ಇಲ್ಲಿಯವರೆಗಿನದು ಪಠ್ಯಪುಸ್ತಕದ ಲೆಕ್ಕ. ಮಣ್ಣು ಇದಕ್ಕೆ ಇನ್ನೆರಡು ತಿದ್ದುಪಡಿ ಕೇಳುತ್ತದೆ.

ಮೊದಲನೆಯದು ಮೇಲ್ಮಣ್ಣು. ಹುಲ್ಲು, ಬೇರು, ಕೊಳೆತ ಎಲೆ ಸೇರಿದ ಮೇಲಿನ ಗೇಣುದ್ದದ ಮಣ್ಣನ್ನು ಭರ್ತಿಗೆ ಹಾಕುವಂತಿಲ್ಲ. ಬೇರು ಕೊಳೆತಂತೆ ಅದು ಕುಸಿಯುತ್ತದೆ. 15 ಸೆಂಟಿಮೀಟರ್ ಕೆರೆದು ತೆಗೆದರೆ 90 ಘನ ಮೀಟರ್ ಮಣ್ಣು ಬದಿಗೆ ಹೋಗುತ್ತದೆ; ಒಟ್ಟು ಕಡಿತದ ಅರ್ಧದಷ್ಟು! ಕೆರೆಯುವ ಮೊದಲು ಲೆವೆಲ್ ಓದಿ, ಆ ಲೆಕ್ಕದಲ್ಲೇ ಕೆಲಸ ಶುರು ಮಾಡಿದವರಿಗೆ ಕೊನೆಯಲ್ಲಿ 90 ಘನ ಮೀಟರ್ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ, ಗುತ್ತಿಗೆದಾರನ ಮೇಲೆ ಅನುಮಾನ ಬರುತ್ತದೆ. ಪರಿಹಾರ ಸುಲಭ. ನೆಲವೆಲ್ಲ 15 ಸೆಂಟಿಮೀಟರ್ ಇಳಿದಿದೆ ಎಂದುಕೊಂಡು ಅಂಗಳದ ಮಟ್ಟವನ್ನೂ ಅಷ್ಟೇ ಇಳಿಸುವುದು. 99.15 ಈಗ 99.00 ಆಗುತ್ತದೆ. ಕೆರೆದ ಮಣ್ಣನ್ನು ಮಾರದೆ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿಟ್ಟರೆ ಮುಂದೆ ಹಿತ್ತಲಿಗೆ ಬರುತ್ತದೆ. ಈ ಮಣ್ಣನ್ನು ಬಿಟ್ಟಿ ಕೊಟ್ಟು, ಆಮೇಲೆ ಹೂಗಿಡಕ್ಕೆಂದು ಕೆಮ್ಮಣ್ಣು ಕೊಳ್ಳುವವರನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ.

ಎರಡನೆಯದು ಮಣ್ಣಿನ ಗಾತ್ರ. ನೆಲದಲ್ಲಿದ್ದಾಗ ಒಂದು ಘನ ಮೀಟರ್ ಇದ್ದ ಮಣ್ಣು ಬಕೆಟ್ಟಿನಲ್ಲಿ ಬಂದಾಗ ಅರಳಿ ಒಂದೂಕಾಲು ಘನ ಮೀಟರಿನಷ್ಟಾಗುತ್ತದೆ. ಅದನ್ನೇ ನೀರು ಹಾಕಿ ದಿಮ್ಮಸು ಮಾಡಿದರೆ ಮೊದಲಿದ್ದುದಕ್ಕಿಂತಲೂ ಕುಗ್ಗಿ ಸುಮಾರು 0.9ಕ್ಕೆ ಇಳಿಯುತ್ತದೆ. ಮಣ್ಣಿನಿಂದ ಮಣ್ಣಿಗೆ ಈ ಅಂಕಿ ಬೇರೆಯಾಗುತ್ತದೆ. ಕಲ್ಲು ಸಿಕ್ಕಿದರಂತೂ ಒಡೆದ ಮೇಲೆ ಎಷ್ಟು ದಿಮ್ಮಸು ಮಾಡಿದರೂ ಮೊದಲಿನ ಗಾತ್ರಕ್ಕೆ ಮರಳುವುದಿಲ್ಲ. ನಮ್ಮ ಜಾಗದ್ದು ಸಾಧಾರಣ ಕೆಂಪು ಮಣ್ಣೆಂದು ಇಟ್ಟುಕೊಂಡರೆ, ಕಡಿದ 192ರಿಂದ ಸಿಗುವ ಗಟ್ಟಿ ಭರ್ತಿ 173 ಮಾತ್ರ. ಹತ್ತೊಂಬತ್ತರ ಕೊರತೆ. ಅಂಗಳವನ್ನು ಇನ್ನೂ ಮೂರೂವರೆ ಸೆಂಟಿಮೀಟರ್ ತಗ್ಗಿಸಿದರೆ ಕಡಿತ ಸ್ವಲ್ಪ ಹೆಚ್ಚಾಗಿ, ಭರ್ತಿ ಸ್ವಲ್ಪ ಕಡಿಮೆಯಾಗಿ ಎರಡೂ ಹೊಂದುತ್ತವೆ. ಮಟ್ಟ ಈಗ 98.97.

ಟಿಪ್ಪರ್ ಲೆಕ್ಕದ ಜಗಳಗಳೆಲ್ಲ ಹುಟ್ಟುವುದು ಈ ಅರಳುವ-ಕುಗ್ಗುವ ಗುಣದಿಂದಲೇ. ಯಜಮಾನರು ಗುಂಡಿ ಅಳೆದು ಲೆಕ್ಕ ಹಾಕುತ್ತಾರೆ, ಮಣ್ಣು ತರುವವನು ಟಿಪ್ಪರಿನ ತೊಟ್ಟಿ ಅಳೆದು ಲೆಕ್ಕ ಹಾಕುತ್ತಾನೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರೂ ಅಂಕಿಗಳು ಮೂರನೇ ಒಂದು ಭಾಗದಷ್ಟು ದೂರ ನಿಲ್ಲಬಹುದು. ಯಾವ ಸ್ಥಿತಿಯ ಮಣ್ಣಿಗೆ ದರ ಎಂಬುದನ್ನು ಮೊದಲೇ ಬರೆದುಕೊಳ್ಳದಿದ್ದರೆ ಕೊನೆಗೆ ಪಂಚಾಯಿತಿಯೇ ಗತಿ.

ಇದರ ಪೂರ್ತಿ ಪೆಟ್ಟು ತಿಳಿಯಬೇಕಾದರೆ ಯಜಮಾನರ ಇನ್ನೊಂದು ಸಾಮಾನ್ಯ ಬೇಡಿಕೆಯನ್ನು ಲೆಕ್ಕಕ್ಕೆ ಹಚ್ಚಬೇಕು. "ಅಂಗಳ ರಸ್ತೆ ಮಟ್ಟಕ್ಕೆ ಇರಲಿ." ಗೇಟು ಬರುವಲ್ಲಿ ರಸ್ತೆ 100.00 ಎಂದಿಟ್ಟುಕೊಳ್ಳಿ. ಮೇಲ್ಮಣ್ಣು ತೆಗೆದ ಮೇಲೆ ನೆಲದ ಸರಾಸರಿ 99.00. ಹಾಗಾದರೆ ಇಡೀ ಜಾಗಕ್ಕೆ ಸರಾಸರಿ ಒಂದು ಮೀಟರ್ ಏರಿಸಬೇಕು, 600 ಘನ ಮೀಟರ್ ಗಟ್ಟಿ ಭರ್ತಿ ಹೊರಗಿನಿಂದ ಬರಬೇಕು. ಅದಕ್ಕೆ ಎಲ್ಲೋ ಒಂದು ಗುಡ್ಡದಿಂದ 667 ಘನ ಮೀಟರ್ ಅಗೆಯಬೇಕು. ಲಾರಿ ಏರುವಾಗ ಅದು 833 ಆಗಿರುತ್ತದೆ. ಐದು ಘನ ಮೀಟರ್ ಹಿಡಿಯುವ ಟಿಪ್ಪರಿಗೆ 167 ಲೋಡ್! ಸಾಲದ್ದಕ್ಕೆ ಕೆಳಮೂಲೆಯಲ್ಲಿ ಭರ್ತಿ 2.65 ಮೀಟರ್ ಎತ್ತರ ಬರುತ್ತದೆ, ಅದನ್ನು ಹಿಡಿದು ನಿಲ್ಲಿಸುವ ತಡೆಗೋಡೆಯ ಖರ್ಚು ಬೇರೆ. ಗೋಡೆಯ ಎತ್ತರ ದುಪ್ಪಟ್ಟಾದರೆ ಅದನ್ನು ತಳ್ಳುವ ಮಣ್ಣಿನ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಹಾಗೆಂದು ಸರಿದೂಗುವ 98.97 ಕೂಡ ದೋಷವಿಲ್ಲದ ಮಟ್ಟವಲ್ಲ. ಅಂಗಳ ರಸ್ತೆಗಿಂತ ಒಂದು ಮೀಟರಿಗೂ ಹೆಚ್ಚು ತಗ್ಗಿನಲ್ಲಿರುತ್ತದೆ. ರಸ್ತೆಯ ನೀರು ಮಳೆಗಾಲದಲ್ಲಿ ಗೇಟಿನೊಳಕ್ಕೆ ನುಗ್ಗುತ್ತದೆ. ಎಂಟಕ್ಕೆ ಒಂದರ ಇಳಿಜಾರಿನಲ್ಲಿ ಕಾರು ಇಳಿಸಲು ಎಂಟು ಮೀಟರಿಗೂ ಉದ್ದದ ರ್‍ಯಾಂಪ್ ಬೇಕು, ಇಪ್ಪತ್ತು ಮೀಟರ್ ಆಳದ ಜಾಗದಲ್ಲಿ ಅದಕ್ಕೇ ಅರ್ಧ ಹೋಗುತ್ತದೆ. ರಸ್ತೆ ಬದಿಯಲ್ಲಿ ಒಂದೂವರೆ ಮೀಟರ್ ಎತ್ತರದ ಧರೆ ನಿಲ್ಲುತ್ತದೆ, ಅದರ ತಲೆಯ ಮೇಲೆ ವಾಹನಗಳ ಓಡಾಟ.

ಮಧ್ಯದ ದಾರಿಯೊಂದಿದೆ, ಮಲೆನಾಡಿನ ಹಳೆಯ ಮನೆಗಳನ್ನು ನೋಡಿದವರಿಗೆ ಅದು ಹೊಸದೇನಲ್ಲ. ಜಾಗವನ್ನು ಒಂದೇ ಹಲಗೆಯಂತೆ ಮಾಡುವ ಹಟ ಬಿಟ್ಟು ಎರಡು ಮಟ್ಟು ಮಾಡುವುದು. ಬಿ ಸಾಲಿನಲ್ಲಿ ಜಾಗವನ್ನು ಒಡೆದು, ಮೇಲಿನ ಮೂರು ಚೌಕಗಳಿಗೆ ಒಂದು ಸರಾಸರಿ, ಕೆಳಗಿನ ಮೂರಕ್ಕೆ ಇನ್ನೊಂದು ಸರಾಸರಿ ತೆಗೆಯಬೇಕು. ಅದೇ ಹನ್ನೆರಡು ಓದುಗಳು ಸಾಕು, ಮತ್ತೆ ಸೈಟಿಗೆ ಹೋಗಬೇಕಿಲ್ಲ. ಮೇಲ್ಮಣ್ಣು ಮತ್ತು ಕುಗ್ಗುವಿಕೆಯ ತಿದ್ದುಪಡಿಗಳ ನಂತರ ಮೇಲಿನ ಮಟ್ಟು 99.59ಕ್ಕೆ, ಕೆಳಗಿನದು 98.37ಕ್ಕೆ ನಿಲ್ಲುತ್ತದೆ. ಎರಡರ ನಡುವೆ 1.22 ಮೀಟರ್, ಎಂಟು ಮೆಟ್ಟಿಲಿನ ಅಂತರ. ಕಡಿಯುವ ಮಣ್ಣು 192ರಿಂದ ನೂರಾರರ ಆಸುಪಾಸಿಗೆ ಇಳಿಯುತ್ತದೆ. ಮೇಲಿನ ಅಂಗಳ ರಸ್ತೆಗಿಂತ 41 ಸೆಂಟಿಮೀಟರ್ ಮಾತ್ರ ತಗ್ಗು, ರ್‍ಯಾಂಪಿಗೆ ಮೂರು ಮೀಟರ್ ಚಿಲ್ಲರೆ ಸಾಕು. ರಸ್ತೆ ಬದಿಯ ಧರೆ ಸೊಂಟದೆತ್ತರಕ್ಕೂ ಬರುವುದಿಲ್ಲ, ಕೆಳಮೂಲೆಯ ಭರ್ತಿ ಒಂದು ಮೀಟರಿನಲ್ಲಿ ನಿಲ್ಲುತ್ತದೆ. ನಡುವೆ ಒಂದು ತಡೆಗೋಡೆ ಹೆಚ್ಚುವರಿಯಾಗಿ ಬರುತ್ತದೆ ನಿಜ. ಆದರೆ ಮನೆಯನ್ನೇ ಆ ಮೆಟ್ಟಿಲಿನ ಮೇಲೆ ಕೂರಿಸಿ, ನಡುಮನೆ ಮೇಲೆ, ಅಡುಗೆಮನೆ ಮತ್ತು ಹಿತ್ತಿಲ ಜಗಲಿ ಕೆಳಗೆ ಎಂದು ನಕ್ಷೆ ಮಾಡಿದರೆ ಪಾಯದ ಗೋಡೆಯೇ ಬಹುಪಾಲು ಆ ಕೆಲಸ ಮಾಡುತ್ತದೆ.

ಧರೆಯ ಎತ್ತರ ಕಡಿಮೆಯಾಗುವುದು ಬರೀ ಖರ್ಚಿನ ಪ್ರಶ್ನೆಯಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದು ಮನೆ, ರಸ್ತೆ, ತೋಟಗಳು ಕೊಚ್ಚಿಹೋದಾಗ ಪರಿಶೀಲನೆಗೆ ಬಂದ ಭೂವಿಜ್ಞಾನಿಗಳು ಅತಿಮಳೆಯ ಜೊತೆಗೆ ಇನ್ನೊಂದು ಕಾರಣವನ್ನೂ ಎತ್ತಿ ಹೇಳಿದ್ದರು: ಕಟ್ಟಡ ಮತ್ತು ರಸ್ತೆಗಳಿಗಾಗಿ ಇಳಿಜಾರಿನ ಬುಡವನ್ನು ನೆಟ್ಟಗೆ ಕಡಿದದ್ದು. ಬುಡ ಕಡಿದಾಗ ಮೇಲಿನ ಮಣ್ಣಿಗೆ ಆನಿಕೆ ತಪ್ಪುತ್ತದೆ. ಬೇಸಿಗೆಯಲ್ಲಿ ಒಣಗಿ ಗೋಡೆಯಂತೆ ನಿಂತದ್ದು ಆಷಾಢದಲ್ಲಿ ನೀರು ಕುಡಿದು ಭಾರವಾಗಿ ಕಳಚುತ್ತದೆ. ಧರೆಯ ನೆತ್ತಿಯಿಂದ ಒಂದೆರಡು ಮೀಟರ್ ಹಿಂದೆ ನೆಲದಲ್ಲಿ ಕಮಾನಿನಾಕಾರದ ಬಿರುಕು ಕಂಡರೆ, ನೆಟ್ಟಗಿದ್ದ ಮರ ವಾಲಿದರೆ, ಧರೆಯ ಬುಡದಲ್ಲಿ ಹಿಂದೆಂದೂ ಇಲ್ಲದ ಕೆಸರು ಜಿನುಗಿದರೆ ಕಾಯುವಂತಿಲ್ಲ. ಚೌಕದ ಲೆಕ್ಕ ಎಷ್ಟು ಮಣ್ಣೆಂದು ಹೇಳುತ್ತದೆಯೇ ಹೊರತು ಆ ಮಣ್ಣು ನಿಲ್ಲುತ್ತದೆಯೇ ಎಂದು ಹೇಳುವುದಿಲ್ಲ. ದೊಡ್ಡ ಧರೆಗಳಿಗೆ ಮಣ್ಣಿನ ಪರೀಕ್ಷೆ ಮಾಡಿಸಲೇಬೇಕು.

ಲೆಕ್ಕಕ್ಕೆ ಇನ್ನೊಂದು ಮಿತಿಯೂ ಇದೆ. ಎರಡು ಗೂಟಗಳ ನಡುವೆ ನೆಲ ನೇರವಾಗಿ ಇಳಿಯುತ್ತದೆ ಎಂದು ಅದು ನಂಬುತ್ತದೆ. ಹತ್ತು ಮೀಟರ್ ಚೌಕದ ನಡುವೆ ಹಳೆಯ ಹೊಂಡವೋ ಹುತ್ತವೋ ಬಂಡೆಯೋ ಇದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಇಲ್ಲಿ ಹತ್ತು ಮೀಟರ್ ಹಿಡಿದದ್ದು ವಿವರಿಸಲು ಸುಲಭವೆಂದು. ಮನೆಯ ಜಾಗಕ್ಕೆ ಐದು ಮೀಟರ್ ಚೌಕ ಒಳ್ಳೆಯದು, ಆಗ ಇದೇ ಜಾಗದಲ್ಲಿ 35 ಗೂಟ ಬರುತ್ತವೆ. ನೆಲ ಥಟ್ಟನೆ ಮುರಿಯುವ ಅಂಚುಗಳಲ್ಲಿ ಗೂಟವಿಲ್ಲದಿದ್ದರೂ ಒಂದು ಓದು ತೆಗೆದುಕೊಳ್ಳಬೇಕು.

ಭರ್ತಿಯ ವಿಧಾನ ಕೆಟ್ಟರೆ ಈ ಲೆಕ್ಕದಿಂದ ಏನೂ ಉಪಯೋಗವಿಲ್ಲ. ಕೆಳಭಾಗದ ಇಳಿಜಾರನ್ನು ಮೊದಲು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ನುಣುಪಾದ ಇಳುಕಲಿನ ಮೇಲೆ ಮಣ್ಣು ಸುರಿದರೆ ಹೊಸ ಮಣ್ಣು ಹಳೆಯದರ ಮೇಲೆ ಜಾರುತ್ತದೆ. ಆಮೇಲೆ ಸುಮಾರು ಗೇಣು ದಪ್ಪದ ಪದರಗಳಲ್ಲಿ, ಅಂದರೆ 20ರಿಂದ 25 ಸೆಂಟಿಮೀಟರ್ ಹರಡಿ, ಪ್ರತಿ ಪದರಕ್ಕೂ ರೋಲರ್ ಹೊಡೆಸಬೇಕು. ಒಂದೂವರೆ ಮೀಟರ್ ಮಣ್ಣನ್ನು ಒಂದೇ ಸಲ ಸುರಿದು ಅದರ ಮೇಲೆ ಜೆಸಿಬಿ ನಾಲ್ಕು ಸುತ್ತು ಓಡಿಸುವುದು ಎಲ್ಲೆಡೆ ಕಾಣುವ ದೃಶ್ಯ. ಮೇಲೊಂದು ಗೇಣು ಕಲ್ಲಿನಂತೆ ಗಟ್ಟಿಯಾಗುತ್ತದೆ, ಕೆಳಗಿನದು ಸಡಿಲವಾಗಿಯೇ ಉಳಿಯುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಅಂಗಳದ ಟೈಲ್ಸು ತಗ್ಗುತ್ತದೆ, ಗೋಡೆಗೂ ನೆಲಕ್ಕೂ ನಡುವೆ ಬೆರಳು ತೂರುವ ಸಂದು ಬೀಳುತ್ತದೆ.

ನೀರಿನ ಅಳತೆಯೂ ಇಲ್ಲಿ ಮುಖ್ಯ. 1933ರಲ್ಲಿ ಲಾಸ್ ಏಂಜಲೀಸಿನ ಎಂಜಿನಿಯರ್ ಆರ್. ಆರ್. ಪ್ರಾಕ್ಟರ್ ಮಣ್ಣಿನ ಅಣೆಕಟ್ಟುಗಳಿಗಾಗಿ ಮಾಡಿದ ಪ್ರಯೋಗಗಳು ತೋರಿಸಿದ್ದು ಇದನ್ನೇ: ಒಂದೇ ಪೆಟ್ಟಿಗೆ ಪ್ರತಿ ಮಣ್ಣೂ ಒಂದು ನಿರ್ದಿಷ್ಟ ತೇವದಲ್ಲಿ ಮಾತ್ರ ಅತಿ ಹೆಚ್ಚು ಗಟ್ಟಿಯಾಗುತ್ತದೆ. ಅದಕ್ಕಿಂತ ಒಣಗಿದ್ದರೆ ಕಣಗಳು ಒತ್ತಿ ಕೂರುವುದಿಲ್ಲ, ಹೆಚ್ಚು ಒದ್ದೆಯಾದರೆ ನೀರೇ ಜಾಗ ಹಿಡಿದಿರುತ್ತದೆ. ಸೈಟಿನಲ್ಲಿ ಮೇಸ್ತ್ರಿಗಳು ಮುಷ್ಟಿ ಮಣ್ಣನ್ನು ಹಿಂಡಿ ನೋಡುತ್ತಾರೆ. ಉಂಡೆಯಾಗಿ ನಿಂತು, ಕೈಗೆ ನೀರು ಅಂಟದೆ, ಮುರಿದಾಗ ಎರಡು ಹೋಳಾದರೆ ಸರಿಸುಮಾರು ಸರಿ. ಪುಡಿಯಾದರೆ ನೀರು ಹಾಕಬೇಕು, ಬೆರಳ ಸಂದಿಯಲ್ಲಿ ಹಿಸುಕಿ ಬಂದರೆ ಒಣಗಲು ಬಿಡಬೇಕು. ಜೂನ್ ಮಧ್ಯದ ಮೇಲೆ ಘಟ್ಟದ ಬದಿಯಲ್ಲಿ ಭರ್ತಿ ಮಾಡಬಾರದು ಎನ್ನುವುದಕ್ಕೆ ಕಾರಣವೂ ಇದೇ, ಒಣಗಲು ಅಲ್ಲಿ ಬಿಸಿಲೇ ಇರುವುದಿಲ್ಲ.

ಕೆಲಸ ನಡೆಯುತ್ತಿರುವಾಗ ಮಟ್ಟ ಕಾಯುವ ಉಪಾಯ ಬಹಳ ಸರಳ. ಉಪಕರಣದ ಗೆರೆ 101.250ರಲ್ಲಿದೆ, ಮೇಲಿನ ಅಂಗಳ 99.59ರಲ್ಲಿ ನಿಲ್ಲಬೇಕು, ಕಳೆದರೆ 1.66. ಹಾಗಾದರೆ ಮೇಲಿನ ಮಟ್ಟಿನಲ್ಲಿ ಎಲ್ಲಿ ಸ್ಟಾಫ್ ಇಟ್ಟರೂ 1.66 ಬರಬೇಕು, ಕೆಳಗಿನದರಲ್ಲಿ 2.88. ಸ್ಟಾಫಿನ ಆ ಅಂಕಿಯ ಮೇಲೆ ಕೆಂಪು ಟೇಪ್ ಸುತ್ತಿಬಿಟ್ಟರೆ, ಓದು ಬರಹ ಗೊತ್ತಿಲ್ಲದ ಸಹಾಯಕನೂ ಚಾಲಕನಿಗೆ "ಇನ್ನೊಂದು ಚೂರು ಕೆರೀರಿ ಅಣ್ಣ" ಎಂದು ಹೇಳಬಲ್ಲ. ಮರುದಿನ ಉಪಕರಣ ಹೊಸ ಜಾಗದಲ್ಲಿ ನಿಂತಾಗ ಹಳೆಯ ಟೇಪನ್ನು ನಂಬಬಾರದು. ಮೊದಲು ಮೋರಿಯ ಗುರುತಿನ ಮೇಲೆ ಓದಬೇಕು. ಅಂದು 1.410 ಬಂದರೆ ಗೆರೆ 101.410ಕ್ಕೆ ಏರಿದೆ, ಟೇಪ್ 1.82ಕ್ಕೆ ಹೋಗಬೇಕು. ಈ ಒಂದು ಸಣ್ಣ ಕಳೆಯುವ ಲೆಕ್ಕ ಬಿಟ್ಟುಹೋಗಿ 16 ಸೆಂಟಿಮೀಟರ್ ಹೆಚ್ಚು ತುಂಬಿದ ಅಂಗಳಗಳೂ ಉಂಟು.

ಅಂಗಳವನ್ನು ಸಂಪೂರ್ಣ ಮಟ್ಟಸ ಮಾಡದೆ ನೂರು ಸೆಂಟಿಮೀಟರಿಗೆ ಒಂದರಷ್ಟು ಇಳಿಜಾರು ಹೊರಗಿನ ಚರಂಡಿಯತ್ತ ಬಿಡುತ್ತಾರೆ, ಧರೆಯ ನೆತ್ತಿಯಲ್ಲಿ ಅಡ್ಡಗಾಲುವೆ ತೋಡಿ ಮೇಲಿನ ನೀರನ್ನು ಬದಿಗೆ ತಿರುಗಿಸುತ್ತಾರೆ, ತಡೆಗೋಡೆಯಲ್ಲಿ ನೀರು ಜಿನುಗಿಹೋಗಲು ಪೈಪಿನ ತೂತುಗಳನ್ನು ಇಡುತ್ತಾರೆ. ಕೊನೆಗೆ ಅದೇ ಚೌಕಗಳ ಮೂಲೆಗಳಲ್ಲಿ ಮತ್ತೊಮ್ಮೆ ಲೆವೆಲ್ ಓದಿ ಪುಸ್ತಕಕ್ಕೆ ಏರಿಸಬೇಕು. ಗುತ್ತಿಗೆದಾರನ ಬಿಲ್ಲನ್ನು ಮೊದಲ ಓದು ಮತ್ತು ಕೊನೆಯ ಓದಿನ ವ್ಯತ್ಯಾಸದ ಮೇಲೆ ತೀರಿಸಬಹುದು. ಅದೇ ಪುಟವನ್ನು ಮನೆಯ ನಕ್ಷೆಯ ಜೊತೆಗಿಟ್ಟರೆ, ಹತ್ತು ವರ್ಷದ ಮೇಲೆ ಹಿಂಬದಿಗೆ ಕೋಣೆಯೊಂದನ್ನು ಸೇರಿಸಲು ಹೊರಟಾಗ ಅಲ್ಲಿ ಎಷ್ಟು ಆಳಕ್ಕೆ ಹೊಸ ಮಣ್ಣಿದೆ, ಪಾಯ ಎಲ್ಲಿಗೆ ಇಳಿಯಬೇಕು ಎಂಬುದು ಅಗೆಯದೆಯೇ ಗೊತ್ತಾಗುತ್ತದೆ.